ಒಂದೇ ಪರದೆ, ಎರಡು ದಾರಿ: ಎಸ್ಸೆಮ್ಮೆಸ್ ಮತ್ತು ಆರ್‌ಸಿಎಸ್ ಕುರಿತು ಒಂಬತ್ತನೇ ತರಗತಿಗೆ ಎರಡು ಅವಧಿಯ ಪಾಠ

ಕೊಡಗಿನ ಶಾಲೆಗಳಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಪೋಷಕರಿಗೆ ಹೋಗುವ ಸಂದೇಶಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ಮಳೆ ಜೋರಾಗಿದೆ, ನಾಳೆ ರಜೆ. ಈ ಸಂದೇಶ ರಾತ್ರಿ ತಲುಪದಿದ್ದರೆ ಮಗು ಬೆಳಿಗ್ಗೆ ಏಳಕ್ಕೆ ಕೊಡೆ ಹಿಡಿದು ತೋಟದ ದಾರಿಯಲ್ಲಿ ನಡೆದು, ತೋಡು ದಾಟಿ, ಬಾರದ ಬಸ್ಸಿಗೆ ಕಾಯುತ್ತದೆ. ಸಂದೇಶ ಕಳುಹಿಸಿದ ಶಿಕ್ಷಕರ ಫೋನಿನಲ್ಲಿ ಮಾತ್ರ ಅದು ಹೋದಂತೆಯೇ ಕಾಣುತ್ತದೆ. ಹೋಗಿದ್ದು ಯಾವ ದಾರಿಯಲ್ಲಿ, ನಿಂತಿದ್ದು ಎಲ್ಲಿ ಎಂಬುದನ್ನು ತಿಳಿಯುವುದೇ ಈ ಪಾಠದ ವಿಷಯ.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಮಡಿಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ವಿಜ್ಞಾನ ಸಂಘಕ್ಕಾಗಿ ನಾನು ಈ ಪಾಠವನ್ನು ಸಿದ್ಧಪಡಿಸಿದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಅಧ್ಯಾಯವಿಲ್ಲ. ಬೇಕಾದ ಪೂರ್ವಜ್ಞಾನ ಎರಡೇ: ಬಿಟ್ ಮತ್ತು ಬೈಟ್ ಎಂದರೇನು ಎಂಬುದು, ಹಾಗೂ ಗುಣಾಕಾರ ಭಾಗಾಕಾರ. ಬೋಧನೋಪಕರಣಗಳಾಗಿ ಕಪ್ಪುಹಲಗೆ, ಚೌಕಗಳಿರುವ ಗಣಿತದ ಹಾಳೆ ಮತ್ತು ಶಿಕ್ಷಕರ ಒಂದು ಆಂಡ್ರಾಯ್ಡ್ ಫೋನ್ ಸಾಕು.

ಕಲಿಕಾ ಫಲಗಳು

1. ಕನ್ನಡದ ಒಂದು ಸಂದೇಶ ಎಷ್ಟು ಎಸ್ಸೆಮ್ಮೆಸ್ ಆಗಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿ ಎಣಿಸಿ ಹೇಳುವರು.
2. ಒಂದು ಸಂದೇಶ ಪ್ಯಾಕಿನ ಎಸ್ಸೆಮ್ಮೆಸ್ ಮಿತಿಯಿಂದ ಹೋಯಿತೇ, ಡೇಟಾದಿಂದ ಹೋಯಿತೇ ಎಂಬುದನ್ನು ಪರದೆಯ ಗುರುತುಗಳಿಂದ ಪತ್ತೆ ಮಾಡುವರು.
3. ಸ್ವೀಕರಿಸುವ ಮನೆಯ ಫೋನಿನ ಸ್ಥಿತಿ ನೋಡಿ ಯಾವ ದಾರಿ ಸೂಕ್ತ ಎಂದು ಕಾರಣಸಹಿತ ತೀರ್ಮಾನಿಸುವರು.

ಮೊದಲ ಅವಧಿ: ಕಾರ್ಡಿನ ಅಳತೆ

ಎಸ್ಸೆಮ್ಮೆಸ್ಸನ್ನು ಅಂಚೆ ಕಾರ್ಡಿಗೆ ಹೋಲಿಸಿ ಆರಂಭಿಸಿದೆ. ಕಾರ್ಡಿನ ಅಳತೆ ಮೊದಲೇ ನಿಗದಿಯಾಗಿದೆ; ಬರೆಯುವುದು ಹೆಚ್ಚಾದರೆ ಎರಡನೇ ಕಾರ್ಡು ಕೊಳ್ಳಬೇಕು. ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಕರೆ ಜೋಡಿಸಲು, ಫೋನು ಎಲ್ಲಿದೆ ಎಂದು ತಿಳಿಯಲು ಟವರ್ ಮತ್ತು ಫೋನಿನ ನಡುವೆ ಸದಾ ಸಣ್ಣಪುಟ್ಟ ಸಂಕೇತಗಳು ಓಡಾಡುತ್ತಿರುತ್ತವೆ. ಆ ಸಂಕೇತಗಳ ದಾರಿಯಲ್ಲಿಯೇ ಒಂದು ಸಣ್ಣ ಬರಹವನ್ನೂ ಕೂರಿಸುವಂತೆ ಎಸ್ಸೆಮ್ಮೆಸ್ಸನ್ನು ರೂಪಿಸಲಾಯಿತು. ಅಲ್ಲಿ ಜಾಗ ಕಡಿಮೆ. ಆದ್ದರಿಂದ ಒಂದು ಸಂದೇಶಕ್ಕೆ 140 ಬೈಟ್ ಎಂಬ ಮಿತಿ ಬಂತು.

ಈ ಒಂದು ಸಂಖ್ಯೆಯಿಂದ ಉಳಿದದ್ದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಲ್ಲರು. ಇಂಗ್ಲಿಷ್ ಅಕ್ಷರಗಳಿಗೆ ಎಸ್ಸೆಮ್ಮೆಸ್ ಪಟ್ಟಿಯಲ್ಲಿ ತಲಾ 7 ಬಿಟ್. ಕನ್ನಡವನ್ನು ನಮ್ಮ ಫೋನುಗಳು ಸಾಮಾನ್ಯವಾಗಿ ಯೂನಿಕೋಡ್ ಸಂಕೇತದಲ್ಲಿ ಕಳುಹಿಸುತ್ತವೆ. ಅಲ್ಲಿ ತಲಾ 16 ಬಿಟ್.

```
140 × 8 = 1120 ಬಿಟ್
1120 ÷ 7  = 160   (ಇಂಗ್ಲಿಷ್)
1120 ÷ 16 = 70    (ಕನ್ನಡ)
```

ಸಂದೇಶ ಒಂದು ಕಾರ್ಡಿಗೆ ಮೀರಿದರೆ ಫೋನು ಅದನ್ನು ತುಂಡು ಮಾಡುತ್ತದೆ. ಇದು ಎಷ್ಟನೇ ತುಂಡು, ಒಟ್ಟು ಎಷ್ಟು ಎಂದು ಬರೆಯಲು ಪ್ರತಿ ತುಂಡಿನಲ್ಲೂ ಸಾಮಾನ್ಯವಾಗಿ 6 ಬೈಟ್ ಖರ್ಚಾಗುತ್ತದೆ. ಉಳಿಯುವುದು 134 ಬೈಟ್, ಅಂದರೆ ಕನ್ನಡಕ್ಕೆ 67, ಇಂಗ್ಲಿಷಿಗೆ 153. ಓದುವವರ ಫೋನು ತುಂಡುಗಳನ್ನು ಜೋಡಿಸಿ ಒಂದೇ ಸಂದೇಶವಾಗಿ ತೋರಿಸುತ್ತದೆ. ಆದರೆ ಪ್ಯಾಕಿನಲ್ಲಿ ಪ್ರತಿ ತುಂಡೂ ಒಂದೊಂದು ಎಸ್ಸೆಮ್ಮೆಸ್ ಆಗಿ ಕಳೆಯುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. 70 ಎಂದರೆ ನಾವು ಬಾಯಲ್ಲಿ ಎಣಿಸುವ 70 ಅಕ್ಷರವಲ್ಲ. ಕಾಗುಣಿತದ ಚಿಹ್ನೆ, ಒತ್ತಕ್ಷರ ಮಾಡಲು ಬಳಸುವ ಅರ್ಧಾಕ್ಷರದ ಚಿಹ್ನೆ ಎಲ್ಲವೂ ಒಂದೊಂದು ಮನೆ ಹಿಡಿಯುತ್ತವೆ. 'ನಾ' ಎಂದರೆ ಎರಡು ಮನೆ. 'ಕ್ಕ' ಎಂದರೆ ಮೂರು. 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಮನೆ ಹಿಡಿಯುತ್ತದೆ: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಈಕಾರದ ಚಿಹ್ನೆ. ಇದನ್ನು ಬರಿಯ ಮಾತಿನಲ್ಲಿ ಹೇಳಿದಾಗ ಅರ್ಧ ತರಗತಿ ಸುಮ್ಮನಿತ್ತು. ಚೌಕದ ಹಾಳೆಯಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಚಿಹ್ನೆ ಬರೆಸಿದ ಮೇಲೆ ಎಲ್ಲರೂ ಎಣಿಸತೊಡಗಿದರು. ಪದಗಳ ನಡುವಿನ ಖಾಲಿ ಜಾಗ ಮತ್ತು ಪೂರ್ಣವಿರಾಮಕ್ಕೂ ಚೌಕ ಕೊಡಬೇಕು.

ಚಟುವಟಿಕೆಗೆ ಕೊಟ್ಟ ಸಂದೇಶ ಇದು:

"ಭಾರಿ ಮಳೆಯ ಕಾರಣ ನಾಳೆ ಶಾಲೆಗೆ ರಜೆ. ಮಕ್ಕಳನ್ನು ಕಳುಹಿಸಬೇಡಿ. ಬಸ್ ಬರುವುದಿಲ್ಲ."

ಪದಗಳನ್ನು ಕ್ರಮವಾಗಿ ಎಣಿಸಿದರೆ 4, 4, 4, 4, 6, 3, 9, 10, 3, 10, ಒಟ್ಟು 57. ಖಾಲಿ ಜಾಗ 9, ಪೂರ್ಣವಿರಾಮ 3. ಎಲ್ಲ ಸೇರಿ 69. ಒಂದು ಚೌಕ ಉಳಿಯಿತು, ಒಂದೇ ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯಿತು. ಈಗ ಆರಂಭದಲ್ಲಿ 'ದಯವಿಟ್ಟು' ಸೇರಿಸೋಣ ಎಂದೆ. ಆ ಪದಕ್ಕೆ 8, ಅದರ ಮುಂದಿನ ಖಾಲಿ ಜಾಗಕ್ಕೆ 1, ಒಟ್ಟು 78. ಸಂದೇಶ 67 ಮತ್ತು 11ರ ಎರಡು ತುಂಡಾಯಿತು. 42 ಪೋಷಕರಿಗೆ ಕಳುಹಿಸಿದರೆ ಮೊದಲಿನದಕ್ಕೆ 42 ಎಸ್ಸೆಮ್ಮೆಸ್, ಎರಡನೆಯದಕ್ಕೆ 84. ಅದೇ ರಾತ್ರಿ "ಶನಿವಾರ ಪೂರ್ಣ ದಿನ ಶಾಲೆ ಇದೆ" ಎಂದು ಇನ್ನೊಂದು ಸಂದೇಶ ಹಾಕಲು ಹೋದರೆ ದಿನದ 100ರ ಮಿತಿ ಮಧ್ಯದಲ್ಲೇ ಮುಗಿಯುತ್ತದೆ, ಹಾಜರಿ ಪಟ್ಟಿಯ ಕೊನೆಯ ಹೆಸರುಗಳಿಗೆ ಅದು ಹೋಗುವುದಿಲ್ಲ.

ಈ 100 ಎಲ್ಲಿಂದ ಬಂತು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಜಾಹೀರಾತು ಸಂದೇಶಗಳ ಕಾಟ ತಡೆಯಲು ಟ್ರಾಯ್ 2011ರ ಸೆಪ್ಟೆಂಬರಿನಲ್ಲಿ ಒಂದು ಸಿಮ್ಮಿನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಎಂಬ ಮಿತಿ ಹಾಕಿತು. ಆಮೇಲೆ ನಿಯಮ ಬದಲಾಗಿ, 100 ದಾಟಿದ ಪ್ರತಿ ಎಸ್ಸೆಮ್ಮೆಸ್ಸಿಗೆ ಕನಿಷ್ಠ 50 ಪೈಸೆ ಎಂದಾಯಿತು. 2020ರಲ್ಲಿ ಅದನ್ನೂ ತೆಗೆದರು. ಆದರೂ ಪ್ರಿಪೇಯ್ಡ್ ಪ್ಯಾಕುಗಳಲ್ಲಿ ದಿನಕ್ಕೆ 100 ಎಂಬ ರೂಢಿ ಉಳಿದುಕೊಂಡಿದೆ.

ಎರಡನೇ ಅವಧಿ: ಇನ್ನೊಂದು ದಾರಿ

ಎಸ್ಸೆಮ್ಮೆಸ್ ಮೊದಲು ಹೋಗುವುದು ಮೊಬೈಲ್ ಕಂಪನಿಯ ಸಂದೇಶ ಕೇಂದ್ರಕ್ಕೆ. ಅಲ್ಲಿ ಸ್ವೀಕರಿಸುವವರ ಫೋನು ಎಲ್ಲಿದೆ ಎಂದು ಹುಡುಕಿ, ಸಿಕ್ಕರೆ ತಲುಪಿಸುತ್ತಾರೆ. ಫೋನು ಆಫ್ ಆಗಿದ್ದರೆ ಅಥವಾ ಸಿಗ್ನಲ್ ಇಲ್ಲದ ಕಡೆ ಇದ್ದರೆ ಕೇಂದ್ರದಲ್ಲೇ ಇಟ್ಟುಕೊಂಡು, ಕಂಪನಿ ನಿಗದಿ ಮಾಡಿದ ಅವಧಿ ಮುಗಿಯುವವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಇದಕ್ಕೆ ಸ್ವೀಕರಿಸುವವರ ಫೋನಿನಲ್ಲಿ ಇಂಟರ್ನೆಟ್ ಬೇಡ, ಆ್ಯಪ್ ಬೇಡ, ಸ್ಮಾರ್ಟ್‌ಫೋನೂ ಬೇಡ. ಸಿಮ್ ಚಾಲ್ತಿಯಲ್ಲಿದ್ದರೆ ಸಾಕು.

ಆರ್‌ಸಿಎಸ್ ಚಾಟ್ ಬೇರೆ. ಇದರ ಕೆಲಸ 2007ರ ಸುಮಾರಿಗೆ ಆರಂಭವಾದರೂ ಕಂಪನಿಗಳೆಲ್ಲ ಒಪ್ಪುವ ಒಂದೇ ಮಾದರಿ ಪ್ರಕಟವಾದದ್ದು 2016ರ ನವೆಂಬರಿನಲ್ಲಿ. ಆಂಡ್ರಾಯ್ಡ್ ಫೋನುಗಳ ಗೂಗಲ್ ಮೆಸೇಜಸ್ ಆ್ಯಪ್‌ನಲ್ಲಿ ಇದು ಇದೆ. ಆ್ಯಪಲ್ 2024ರ ಸೆಪ್ಟೆಂಬರಿನಲ್ಲಿ ಐಒಎಸ್ 18ರ ಜೊತೆ ಇದನ್ನು ಸೇರಿಸಿತು, ಆದರೆ ಅಲ್ಲಿ ಮೊಬೈಲ್ ಕಂಪನಿಯ ಬೆಂಬಲವೂ ಬೇಕು. ಆರ್‌ಸಿಎಸ್‌ನಲ್ಲಿ ನಮ್ಮ ಫೋನ್ ಸಂಖ್ಯೆ ಒಂದು ಚಾಟ್ ಸರ್ವರ್‌ನಲ್ಲಿ ನೋಂದಣಿಯಾಗಿರುತ್ತದೆ. ಸಂದೇಶ ಇಂಟರ್ನೆಟ್ ಮೂಲಕ ಆ ಸರ್ವರ್‌ಗೆ ಹೋಗಿ, ಅಲ್ಲಿಂದ ಇಂಟರ್ನೆಟ್ ಮೂಲಕವೇ ಆಚೆಯ ಫೋನಿಗೆ ಬರುತ್ತದೆ. ಕಂಪನಿಯ ಎಸ್ಸೆಮ್ಮೆಸ್ ಕೇಂದ್ರವನ್ನು ಅದು ಮುಟ್ಟುವುದೇ ಇಲ್ಲ. ಆದ್ದರಿಂದ 100ರ ಲೆಕ್ಕದಲ್ಲಿ ಕಳೆಯುವುದಿಲ್ಲ. ಮೊಬೈಲ್ ಡೇಟಾದಲ್ಲಿ ಅಥವಾ ವೈಫೈಯಲ್ಲಿ ಕಳೆಯುತ್ತದೆ.

ತರಗತಿಗೆ ಬಸ್ಸಿನ ಉದಾಹರಣೆ ಕೊಟ್ಟೆ. ಮಡಿಕೇರಿಯಿಂದ ಊರಿಗೆ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಕಳುಹಿಸಿದರೆ ಅಂಚೆ ಚೀಟಿ ಖರ್ಚಾಗುವುದಿಲ್ಲ, ಕಾರ್ಡಿನ ಅಳತೆಯೂ ಅಡ್ಡ ಬರುವುದಿಲ್ಲ. ಆದರೆ ಎರಡೂ ಕಡೆ ಬಸ್ಸು ಓಡುತ್ತಿರಬೇಕು, ಆಚೆ ತುದಿಯಲ್ಲಿ ಇಳಿಸಿಕೊಳ್ಳಲು ಜನ ಇರಬೇಕು. ಹೋಲಿಕೆಯ ಮಿತಿಯನ್ನೂ ಹೇಳಬೇಕು: ಇಳಿಸಿಕೊಳ್ಳುವವರು ಇಲ್ಲದಿದ್ದರೆ ಪೊಟ್ಟಣ ವಾಪಸ್ ಬರುವುದಿಲ್ಲ, ಸರ್ವರ್‌ನಲ್ಲಿ ಕಾಯುತ್ತದೆ.

ಡೇಟಾ ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಬಳಕೆಯಲ್ಲಿರುವ ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಖಾಲಿ ಜಾಗ ಮತ್ತು ಪೂರ್ಣವಿರಾಮಕ್ಕೆ 1 ಬೈಟ್. ನಮ್ಮ ರಜೆಯ ಸಂದೇಶಕ್ಕೆ ಲೆಕ್ಕ ಹೀಗೆ:

```
ಎಸ್ಸೆಮ್ಮೆಸ್: 69 × 2 = 138 ಬೈಟ್
ಆರ್‌ಸಿಎಸ್:  57 × 3 + 12 × 1 = 183 ಬೈಟ್
```

ವಿಳಾಸ, ಗೂಢಲಿಪಿ, ಸ್ವೀಕೃತಿ ಎಲ್ಲ ಸೇರಿಸಿದರೂ ಕೆಲವು ಕಿಲೋಬೈಟ್ ಅಷ್ಟೇ. ಬರಹಕ್ಕೆ ಡೇಟಾ ಹೆಚ್ಚು ಬೇಡ. ಆದರೆ ಡೇಟಾ ಸಂಪರ್ಕ ಇರಲೇಬೇಕು. ಈ ಎರಡು ಮಾತುಗಳ ವ್ಯತ್ಯಾಸವನ್ನು ಕಪ್ಪುಹಲಗೆಯಲ್ಲಿ ಬರೆದಿಡುವುದು ಒಳ್ಳೆಯದು.

"ಮಿಸ್, ಜಿಯೋದಲ್ಲಿ 2ಜಿ ಇಲ್ಲವಲ್ಲ, ಎಲ್ಲವೂ ಇಂಟರ್ನೆಟ್ ತರಹವೇ ಹೋಗುತ್ತದಲ್ಲ, ಹಾಗಾದರೆ ಎಸ್ಸೆಮ್ಮೆಸ್ಸೂ ಡೇಟಾನೇ ಅಲ್ಲವಾ?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಇಡೀ ಪಾಠದಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. 2016ರಲ್ಲಿ 4ಜಿಯಿಂದಲೇ ಆರಂಭವಾದ ಅಂಥ ಜಾಲದಲ್ಲಿ ಕರೆಯೂ ಎಸ್ಸೆಮ್ಮೆಸ್ಸೂ ಒಳಗೆ ಡೇಟಾ ಪೊಟ್ಟಣಗಳ ರೂಪದಲ್ಲೇ ಚಲಿಸಬಹುದು. ಆದರೂ ಅದು ಕಂಪನಿಯ ಎಸ್ಸೆಮ್ಮೆಸ್ ಕೇಂದ್ರಕ್ಕೇ ಹೋಗುವುದರಿಂದ ಎಸ್ಸೆಮ್ಮೆಸ್ ಆಗಿಯೇ ಲೆಕ್ಕವಾಗುತ್ತದೆ, ಫೋನಿನಲ್ಲಿ ಮೊಬೈಲ್ ಡೇಟಾ ಆರಿಸಿದ್ದರೂ ಹೋಗುತ್ತದೆ. ಲೆಕ್ಕ ನಿರ್ಧಾರವಾಗುವುದು ತಂತಿಯಿಂದಲ್ಲ, ಸಂದೇಶವನ್ನು ಕೈಗೆ ತೆಗೆದುಕೊಳ್ಳುವ ಕೇಂದ್ರದಿಂದ. ಎಸ್ಸೆಮ್ಮೆಸ್ ಕೇಂದ್ರ ತೆಗೆದುಕೊಂಡರೆ ಎಸ್ಸೆಮ್ಮೆಸ್ ಮಿತಿ; ಚಾಟ್ ಸರ್ವರ್ ತೆಗೆದುಕೊಂಡರೆ ಡೇಟಾ. ಈ ಒಂದು ವಾಕ್ಯ ಸ್ಪಷ್ಟವಾದರೆ ಪಾಠದ ಬಹುಪಾಲು ಆದಂತೆ.

ಆ್ಯಪ್ ಹೇಗೆ ಆರಿಸುತ್ತದೆ, ನಾವು ಹೇಗೆ ತಿಳಿಯುವುದು

ಒಂದೇ ಆ್ಯಪ್‌ನಿಂದ, ಒಂದೇ ಗುಂಡಿ ಒತ್ತಿ ಎರಡೂ ಬಗೆಯ ಸಂದೇಶ ಹೋಗುತ್ತವೆ. ಆ್ಯಪ್ ಎರಡು ವಿಷಯ ನೋಡುತ್ತದೆ. ನಮ್ಮ ಫೋನು ಚಾಟ್ ಸರ್ವರ್‌ಗೆ ಸೇರಿಕೊಂಡಿದೆಯೇ? ಆಚೆಯ ಸಂಖ್ಯೆ ಅಲ್ಲಿ ನೋಂದಣಿಯಾಗಿದೆಯೇ? ಎರಡಕ್ಕೂ ಹೌದು ಎಂದರೆ ಆರ್‌ಸಿಎಸ್. ಆಚೆಯ ಸಂಖ್ಯೆ ನೋಂದಣಿಯಾಗಿಲ್ಲದಿದ್ದರೆ ಎಸ್ಸೆಮ್ಮೆಸ್. ನೋಂದಣಿ ಆಗಿದೆಯೇ ಎಂಬುದಕ್ಕೂ ಆ ಗಳಿಗೆಯಲ್ಲಿ ಡೇಟಾ ಇದೆಯೇ ಎಂಬುದಕ್ಕೂ ವ್ಯತ್ಯಾಸವಿದೆ. ತೊಂದರೆ ಹುಟ್ಟುವುದು ಅಲ್ಲೇ.

ಗುರುತು ಹಿಡಿಯಲು ಫೋನನ್ನು ತೋರಿಸಿ ವಿವರಿಸಿದೆ. ಬರೆಯುವ ಪೆಟ್ಟಿಗೆಯಲ್ಲಿ `RCS message` ಎಂದು ಮಸುಕಾಗಿ ಕಂಡರೆ ಡೇಟಾ ದಾರಿ. `Text message` ಅಥವಾ `SMS` ಎಂದಿದ್ದರೆ ಪ್ಯಾಕಿನ ಮಿತಿ. ಕಳುಹಿಸಿದ ಮೇಲೆ ಆರ್‌ಸಿಎಸ್ ಸಂದೇಶಕ್ಕೆ ಒಂದು ಸರಿ ಗುರುತು ಬಂದರೆ ನಮ್ಮಿಂದ ಹೊರಟಿದೆ ಎಂದಷ್ಟೇ ಅರ್ಥ. ಎರಡು ಬಂದರೆ ಆಚೆಯ ಫೋನಿಗೆ ತಲುಪಿದೆ. ಗುರುತುಗಳ ಒಳಗೆ ಬಣ್ಣ ತುಂಬಿದರೆ ಓದಿದ್ದಾರೆ. ಇದನ್ನು ತೋರಿಸದಂತೆ ಓದುವವರು ಆರಿಸಿಡಬಹುದು. ನಮ್ಮ ಫೋನು ಸೇರಿಕೊಂಡಿದೆಯೇ ಎಂದು ನೋಡಲು ಸೆಟ್ಟಿಂಗ್ಸ್‌ನಲ್ಲಿ `RCS chats` ತೆರೆದರೆ ಸ್ಥಿತಿ `Connected` ಎಂದಿರಬೇಕು. ಮೊದಲ ಸಲ ನೋಂದಣಿಯಾಗುವಾಗ ಸಂಖ್ಯೆ ಖಚಿತಪಡಿಸಲು ಫೋನು ತಾನೇ ಒಂದು ಎಸ್ಸೆಮ್ಮೆಸ್ ಕಳುಹಿಸಬಹುದು. "ನಾನು ಕಳುಹಿಸದೆಯೇ ಒಂದು ಎಸ್ಸೆಮ್ಮೆಸ್ ಹೋಗಿದೆ" ಎಂದು ಮನೆಯವರು ಹೇಳಿದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು.

ನಾಲ್ಕು ಮನೆಗಳು: ಗುಂಪು ಚಟುವಟಿಕೆ

ತರಗತಿಯನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ಕಾಲ್ಪನಿಕ ಮನೆ ಕೊಟ್ಟೆ. ಸಂಜೆ ಏಳಕ್ಕೆ ಶಿಕ್ಷಕರು ಗೂಗಲ್ ಮೆಸೇಜಸ್‌ನಿಂದ ರಜೆಯ ಸಂದೇಶ ಕಳುಹಿಸುತ್ತಾರೆ. ಅವರ ಫೋನು ಸರ್ವರ್‌ಗೆ ಸೇರಿಕೊಂಡಿದೆ. ಪ್ರತಿ ಮನೆಗೆ ಏನಾಗುತ್ತದೆ?

ಮೊದಲ ಮನೆ ಮಡಿಕೇರಿ ಪೇಟೆಯಲ್ಲಿದೆ. ಸ್ಮಾರ್ಟ್‌ಫೋನ್, ವೈಫೈ, ಆರ್‌ಸಿಎಸ್ ನೋಂದಣಿ ಎಲ್ಲ ಇದೆ. ಸಂದೇಶ ಡೇಟಾದಲ್ಲಿ ಹೋಗುತ್ತದೆ, ಎರಡು ಗುರುತು ಬೀಳುತ್ತದೆ, 100ರಲ್ಲಿ ಒಂದೂ ಕಳೆಯುವುದಿಲ್ಲ. ಇಲ್ಲಿ ಕಷ್ಟವಿಲ್ಲ.

ಎರಡನೇ ಮನೆ ಸಿದ್ದಾಪುರದ ಕಡೆಯ ಕಾಫಿ ತೋಟದ ಲೈನ್ ಮನೆ. ಕೀಪ್ಯಾಡ್ ಫೋನ್. ಈ ಸಂಖ್ಯೆ ಎಂದೂ ನೋಂದಣಿಯಾಗಿಲ್ಲ, ಆದ್ದರಿಂದ ಆ್ಯಪ್ ತಾನಾಗಿಯೇ ಎಸ್ಸೆಮ್ಮೆಸ್ ಮಾಡುತ್ತದೆ. ಒಂದು ಎಸ್ಸೆಮ್ಮೆಸ್ ಕಳೆಯಿತು, ಸಂದೇಶ ತಲುಪಿತು. ಆ ಫೋನಿನಲ್ಲಿ ಕನ್ನಡ ಅಕ್ಷರ ಮೂಡುತ್ತದೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಬೇಕು. ಚೌಕಗಳು ಕಾಣುವ ಫೋನಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವುದೇ ದಾರಿ.

ಮೂರನೇ ಮನೆ ಭಾಗಮಂಡಲದ ಆಚೆ. ಸ್ಮಾರ್ಟ್‌ಫೋನ್ ಇದೆ, ನೋಂದಣಿಯೂ ಆಗಿದೆ. ಆದರೆ ಚಾರ್ಜ್ ಉಳಿಸಲು ಮನೆಯವರು ಸಂಜೆ ಡೇಟಾ ಆರಿಸುತ್ತಾರೆ. ಕರೆಂಟ್ ಹೋಗಿ ಎರಡು ದಿನವಾಗಿದೆ. ಸಂಖ್ಯೆ ನೋಂದಣಿಯಾಗಿರುವುದರಿಂದ ಆ್ಯಪ್ ಆರ್‌ಸಿಎಸ್ ಆಗಿಯೇ ಕಳುಹಿಸುತ್ತದೆ. ಶಿಕ್ಷಕರ ಪರದೆಯಲ್ಲಿ ಒಂದೇ ಗುರುತು. ಸಂದೇಶ ಸರ್ವರ್‌ನಲ್ಲಿ ಕಾಯುತ್ತಿದೆ. ಆ ಮನೆಯ ಫೋನಿಗೆ ಕರೆ ಬರುತ್ತದೆ, ಎಸ್ಸೆಮ್ಮೆಸ್ ಬರುತ್ತದೆ, ಈ ಒಂದು ಸಂದೇಶ ಮಾತ್ರ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ, ತಲುಪದಿದ್ದರೆ ಎಸ್ಸೆಮ್ಮೆಸ್ ಆಗಿ ತಾನೇ ಮರುಕಳುಹಿಸುವ ಆಯ್ಕೆ ಆನ್ ಇದ್ದರೆ ಸ್ವಲ್ಪ ಹೊತ್ತಿನ ನಂತರ ಹೋಗಬಹುದು. ಆದರೆ ಇಂಥ ಮನೆಗೆ ಖಚಿತವಾದ ದಾರಿ ಬೇರೆ ಇದೆ. ಆ ಒಬ್ಬರ ಸಂಭಾಷಣೆಯ ವಿವರದಲ್ಲಿ `Only send SMS and MMS messages` ಎಂಬುದನ್ನು ಆನ್ ಮಾಡಿಟ್ಟರೆ ಅವರಿಗೆ ಯಾವಾಗಲೂ ಎಸ್ಸೆಮ್ಮೆಸ್ಸೇ ಹೋಗುತ್ತದೆ.

ನಾಲ್ಕನೇ ಮನೆಯ ಒಗಟು ಬಿಡಿಸಲು ಗುಂಪಿಗೆ ಹೆಚ್ಚು ಹೊತ್ತು ಹಿಡಿಯಿತು. ಸ್ಮಾರ್ಟ್‌ಫೋನ್ ಮಳೆಯಲ್ಲಿ ನೆನೆದು ಕೆಟ್ಟಿದೆ. ಸಿಮ್ ತೆಗೆದು ಅಜ್ಜಿಯ ಕೀಪ್ಯಾಡ್ ಫೋನಿಗೆ ಹಾಕಿದ್ದಾರೆ. ಕೀಪ್ಯಾಡ್ ಫೋನ್ ಆದ್ದರಿಂದ ಎಸ್ಸೆಮ್ಮೆಸ್ ಹೋಗುತ್ತದೆ ಎಂದು ಗುಂಪು ಮೊದಲು ಹೇಳಿತು. ಆದರೆ ಸರ್ವರ್‌ಗೆ ಸಿಮ್ ಬದಲಾದ ಸುದ್ದಿ ಗೊತ್ತಿಲ್ಲ. ಹಳೆಯ ನೋಂದಣಿ ಇನ್ನೂ ಇದೆ. ಆದ್ದರಿಂದ ಬರುವ ಸಂದೇಶಗಳು ಕೆಲವು ದಿನ ಕೆಟ್ಟ ಫೋನಿನ ಹೆಸರಿನಲ್ಲೇ ಸರ್ವರ್‌ನಲ್ಲಿ ನಿಲ್ಲಬಹುದು. ಪರಿಹಾರ ಎರಡು. ಸಿಮ್ ತೆಗೆಯುವ ಮೊದಲೇ ಹಳೆಯ ಫೋನಿನಲ್ಲಿ ಆರ್‌ಸಿಎಸ್ ಆಫ್ ಮಾಡಬೇಕು. ಫೋನು ಆಗಲೇ ಕೆಟ್ಟಿದ್ದರೆ ಯಾರದಾದರೂ ಫೋನಿನಿಂದ `messages.google.com/disable-chat` ಪುಟಕ್ಕೆ ಹೋಗಿ ಸಂಖ್ಯೆ ಕೊಟ್ಟರೆ, ಆ ಸಂಖ್ಯೆಗೆ ಎಸ್ಸೆಮ್ಮೆಸ್ಸಿನಲ್ಲಿ ಒಂದು ಸಂಕೇತ ಬರುತ್ತದೆ; ಅದನ್ನು ನಮೂದಿಸಿದರೆ ನೋಂದಣಿ ರದ್ದಾಗುತ್ತದೆ. ಆ ಸಂಕೇತ ಕೀಪ್ಯಾಡ್ ಫೋನಿಗೂ ಬರುತ್ತದೆ, ಏಕೆಂದರೆ ಅದು ಎಸ್ಸೆಮ್ಮೆಸ್.

ಚರ್ಚೆಯ ಕೊನೆಗೆ ಪ್ಯಾಕಿನ ವಿಷಯ ಸೇರಿಸಿದೆ. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿ, ಡೇಟಾ ಬೇಡವಾದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಬೇಕೆಂದು ಕಂಪನಿಗಳಿಗೆ ಹೇಳಿತು. ಮನೆಯಲ್ಲಿ ಹಿರಿಯರಿಗೆ ಅಂಥ ಪ್ಯಾಕ್ ಹಾಕಿಸಿದ್ದರೆ, ಅವರ ಕೈಯಲ್ಲಿರುವುದು ಸ್ಮಾರ್ಟ್‌ಫೋನೇ ಆದರೂ ವೈಫೈ ಇಲ್ಲದ ಕಡೆ ಆರ್‌ಸಿಎಸ್ ತಲುಪದು. ಅವರದು ಮೂರನೇ ಮನೆಯ ಸ್ಥಿತಿಯೇ.

ಮೌಲ್ಯಮಾಪನ

1. "ನಾಳೆ ಶಾಲೆಗೆ ರಜೆ. ಮಕ್ಕಳನ್ನು ಕಳುಹಿಸಬೇಡಿ." ಈ ಸಂದೇಶ ಎಷ್ಟು ಚೌಕ ಹಿಡಿಯುತ್ತದೆ? (ಉತ್ತರ: 38)
2. 135 ಚೌಕದ ಕನ್ನಡ ಸಂದೇಶವನ್ನು 40 ಜನರಿಗೆ ಎಸ್ಸೆಮ್ಮೆಸ್ ಮಾಡಿದರೆ ದಿನದ 100ರ ಮಿತಿ ಸಾಕೇ? (ಉತ್ತರ: ಎರಡು ತುಂಡಿನಲ್ಲಿ ಹಿಡಿಯುವುದು 134 ಮಾತ್ರ. ಮೂರು ತುಂಡು ಬೇಕು, ಒಟ್ಟು 120. ಸಾಲದು. ಒಂದು ಪೂರ್ಣವಿರಾಮ ತೆಗೆದರೆ 80ರಲ್ಲಿ ಮುಗಿಯುತ್ತದೆ.)
3. ಎಸ್ಸೆಮ್ಮೆಸ್ ಮಿತಿ ಮುಗಿದ ಮೇಲೂ ಅದೇ ಆ್ಯಪ್‌ನಿಂದ ಒಬ್ಬರಿಗೆ ಸಂದೇಶ ಹೋಯಿತು, ಇನ್ನೊಬ್ಬರಿಗೆ ಹೋಗಲಿಲ್ಲ. ಕಾರಣವೇನು?
4. ಒಂದೇ ಸರಿ ಗುರುತು ಇರುವ ಸಂದೇಶವನ್ನು 'ತಲುಪಿದೆ' ಎನ್ನಬಹುದೇ?

ಮೊದಲೆರಡು ಪ್ರಶ್ನೆಗಳಿಗೆ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಮೂರನೆಯದರಲ್ಲಿ "ಅವರ ನೆಟ್‌ವರ್ಕ್ ಚೆನ್ನಾಗಿದೆ" ಎಂಬ ಉತ್ತರ ಹಲವರಿಂದ ಬಂತು. ಇಬ್ಬರಿಗೂ ಸಿಗ್ನಲ್ ಚೆನ್ನಾಗಿಯೇ ಇದೆ ಎಂದುಕೊಳ್ಳಿ ಎಂದಾಗ ನೋಂದಣಿಯ ಮಾತಿಗೆ ಬಂದರು. ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳು ಆ ಪ್ರಶ್ನೆಯಲ್ಲೇ "ಇಬ್ಬರಿಗೂ ಸಿಗ್ನಲ್ ಇದೆ" ಎಂದು ಸೇರಿಸಿಕೊಳ್ಳುವುದು ಉತ್ತಮ.

ಮುಂದುವರಿದ ಚಟುವಟಿಕೆಯಾಗಿ ಪ್ರತಿ ವಿದ್ಯಾರ್ಥಿಯೂ ಮನೆಯಲ್ಲಿ ಕೇಳಿ ಮೂರು ಉತ್ತರ ಬರೆದು ತಂದರು: ಫೋನು ಯಾವ ಬಗೆಯದು, ಸಂಜೆ ಡೇಟಾ ಆನ್ ಇರುತ್ತದೆಯೇ, ಕನ್ನಡ ಅಕ್ಷರ ಮೂಡುತ್ತದೆಯೇ. ಫೋನ್ ಸಂಖ್ಯೆ ಬರೆಸಲಿಲ್ಲ. ಅದು ಶಾಲೆಯ ದಾಖಲೆಯಲ್ಲಿದೆ. ಚೀಟಿಗಳನ್ನು ನಾಲ್ಕು ಮನೆಗಳ ಪ್ರಕಾರ ವಿಂಗಡಿಸಿ ತರಗತಿ ಶಿಕ್ಷಕಿಯವರಿಗೆ ಕೊಟ್ಟೆವು. ಮೂರು ಮತ್ತು ನಾಲ್ಕನೇ ಬಗೆಯ ಹೆಸರುಗಳ ಮುಂದೆ ಅವರು ಪೆನ್ಸಿಲಿನಲ್ಲಿ 'ಎಸ್ಸೆಮ್ಮೆಸ್ ಮಾತ್ರ' ಎಂದು ಗುರುತು ಮಾಡಿಕೊಂಡರು.